ಸಾಕ್ಷ್ಯಚಿತ್ರದ ಬಜೆಟ್: ನಾಲ್ಕು ಡಬ್ಬಿ, ಒಂದು ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದೋಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ.)

ಈ ಸಂಚಿಕೆ ದುಡ್ಡಿನ ಬಗ್ಗೆ. 20 ನಿಮಿಷದ ಒಂದು ಕಿರು ಸಾಕ್ಷ್ಯಚಿತ್ರ ಮಾಡೋಕೆ ಎಷ್ಟು ಖರ್ಚಾಗುತ್ತೆ, ಆ ಖರ್ಚನ್ನ ಹೇಗೆ ಬರೆದಿಟ್ಕೋಬೇಕು ಅನ್ನೋದನ್ನ ಇವತ್ತು ಮೊದಲಿಂದ ಕೊನೆಯವರೆಗೂ ಲೆಕ್ಕ ಹಾಕ್ಕೊಂಡು ಹೋಗೋಣ. ನಾನು ಓದಿದ್ದು ಬಿಕಾಂ. ಹಾಗಾಗಿ ಕ್ಯಾಮೆರಾ ಆ್ಯಂಗಲ್ ಬಗ್ಗೆ ಹೆಚ್ಚು ಮಾತಾಡಲ್ಲ, ವೋಚರ್ ಬಗ್ಗೆ ಮಾತಾಡ್ತೀನಿ.

ಮೊದಲ ಸಲ ಸಿನಿಮಾ ಮಾಡೋ ಹುಡುಗ ಹುಡುಗಿಯರ ಬಜೆಟ್ ನೋಡಿದ್ರೆ ಸಾಮಾನ್ಯವಾಗಿ ಒಂದೇ ಹಾಳೆ ಇರುತ್ತೆ. ಕ್ಯಾಮೆರಾ ಇಷ್ಟು, ಊಟ ಇಷ್ಟು, ಎಡಿಟಿಂಗ್ ಇಷ್ಟು, ಕೆಳಗೊಂದು ಒಟ್ಟು ಮೊತ್ತ. ಆ ಹಾಳೆಯಲ್ಲಿ ತಪ್ಪೇನೂ ಕಾಣಲ್ಲ. ಆದ್ರೆ ಚಿತ್ರೀಕರಣ ಮುಗಿಯೋ ಹೊತ್ತಿಗೆ ಖಾತೆ ಖಾಲಿ ಆಗಿರುತ್ತೆ, ಫುಟೇಜ್ ಹಾರ್ಡ್‌ಡಿಸ್ಕ್‌ನಲ್ಲಿ ಮಲಗಿರುತ್ತೆ. ಅರ್ಧಕ್ಕೆ ನಿಂತಿರೋ ಸಾಕ್ಷ್ಯಚಿತ್ರಗಳನ್ನ ಕೇಳಿ ನೋಡಿ, ಹೆಚ್ಚಿನವು ನಿಂತಿರೋದು ಇದೇ ಜಾಗದಲ್ಲಿ. ಅದಕ್ಕೇ ಖರ್ಚನ್ನ ನಾಲ್ಕು ಡಬ್ಬಿಗೆ ಹಾಕಬೇಕು: ಪೂರ್ವತಯಾರಿ, ಚಿತ್ರೀಕರಣ, ಸಂಕಲನ, ಹಂಚಿಕೆ. ಒಂದು ಡಬ್ಬಿಯ ದುಡ್ಡು ಇನ್ನೊಂದಕ್ಕೆ ಹೋಗಬೇಕಾದ್ರೆ ನೀವು ಕೂತು ಯೋಚನೆ ಮಾಡಿಯೇ ಕಳಿಸಬೇಕು. ಗೊತ್ತಿಲ್ಲದ ಹಾಗೆ ಸೋರಿ ಹೋಗಬಾರದು.

ಉದಾಹರಣೆ: ಕಿನ್ನಾಳದ ಗೊಂಬೆ

ಲೆಕ್ಕಕ್ಕೆ ಒಂದು ಚಿತ್ರ ಬೇಕಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರು ಮರದಲ್ಲಿ ಗೊಂಬೆ, ದೇವರ ಮೂರ್ತಿ ಮಾಡ್ತಾರೆ. ಆ ಕಲೆಯ ಬಗ್ಗೆ ಬೆಂಗಳೂರಿನ ಒಂದು ಸಣ್ಣ ತಂಡ 20 ನಿಮಿಷದ ಚಿತ್ರ ಮಾಡ್ತಿದೆ ಅಂದ್ಕೊಳ್ಳಿ. ನಿರ್ದೇಶಕಿ, ಕ್ಯಾಮೆರಾಮನ್, ಸೌಂಡ್ ರೆಕಾರ್ಡಿಸ್ಟ್, ಡ್ರೈವರ್, ಜೊತೆಗೆ ಅಲ್ಲಿಯದೇ ಒಬ್ಬ ಸಹಾಯಕ. 5 ದಿನ ಚಿತ್ರೀಕರಣ, ಹೋಗೋಕೆ ಬರೋಕೆ 2 ದಿನ.

ಇಲ್ಲಿ ಹೇಳೋ ದರಗಳೆಲ್ಲ ಲೆಕ್ಕಕ್ಕಾಗಿ ನಾನು ಇಟ್ಕೊಂಡಿರೋವು. ನಿಮ್ಮ ಊರಲ್ಲಿ, ನಿಮ್ಮ ಪರಿಚಯದವರಲ್ಲಿ ಬೇರೆ ಇರುತ್ತೆ. ದರ ಬದಲಾಗಲಿ, ಲೆಕ್ಕದ ದಾರಿ ಬದಲಾಗಲ್ಲ.

ಮೊದಲ ಡಬ್ಬಿ: ಪೂರ್ವತಯಾರಿ, 25,000 ರೂಪಾಯಿ

ಎಲ್ಲರೂ ಉಳಿಸೋಕೆ ನೋಡೋ ಡಬ್ಬಿ ಇದು. ನಮ್ಮ ಉದಾಹರಣೆಯಲ್ಲಿ ಸಂಶೋಧನೆ ಮತ್ತು ಬರವಣಿಗೆಗೆ 15,000, ಇಬ್ಬರು 3 ದಿನ ಊರು ನೋಡಿ ಬರೋಕೆ 8,000, ಒಪ್ಪಿಗೆ ಪತ್ರ, ಅರ್ಜಿ, ಪ್ರಿಂಟು, ಫೋನು ಅಂತ 2,000.

ಊರು ನೋಡಿ ಬರೋದಕ್ಕೆ ಸಿನಿಮಾದವರು ರೆಕಿ ಅಂತಾರೆ. ಅದಕ್ಕೆ 8,000 ಯಾಕೆ ಅಂತ ಕೇಳಬಹುದು. ಕಿನ್ನಾಳದ ಗೊಂಬೆ ಹೇಗೆ ಆಗುತ್ತೆ ನೋಡಿ. ಹಗುರ ಮರವನ್ನ ಕೆತ್ತಿ ತುಂಡುಗಳನ್ನ ಜೋಡಿಸ್ತಾರೆ. ಹುಣಸೆ ಬೀಜದ ಅಂಟು, ಮರದ ಹೊಟ್ಟು ಇವೆಲ್ಲ ಸೇರಿಸಿ ಮಾಡಿದ ಕಿಟ್ಟ ಅನ್ನೋ ಹದವಾದ ಹಿಟ್ಟನ್ನ ಹಚ್ಚಿ ಉಬ್ಬು ಕೆಲಸ ಮಾಡ್ತಾರೆ. ಆಮೇಲೆ ಬಣ್ಣ. ನಡುನಡುವೆ ಒಣಗೋಕೆ ಬಿಡಬೇಕು. ಅಂದ್ರೆ ಒಂದು ದೊಡ್ಡ ಮೂರ್ತಿ ಮರದ ದಿಮ್ಮಿಯಿಂದ ಶುರುವಾಗಿ ಬಣ್ಣದವರೆಗೂ ಬರೋದನ್ನ ನಮ್ಮ 5 ದಿನದಲ್ಲೇ ಹಿಡಿದುಬಿಡ್ತೀವಿ ಅಂತ ನಂಬ್ಕೊಂಡು ಹೋಗೋ ಹಾಗಿಲ್ಲ.

ಇದು ಮೊದಲೇ ಗೊತ್ತಿದ್ರೆ ಏನು ಮಾಡಬಹುದು? ಒಂದೇ ಥರದ ಮೂರು ಮೂರ್ತಿಗಳು ಬೇರೆಬೇರೆ ಹಂತದಲ್ಲಿ ಇರೋ ವಾರವನ್ನ ಚಿತ್ರಗಾರರ ಹತ್ರಾನೇ ಕೇಳಿ ತಾರೀಖು ಗೊತ್ತು ಮಾಡ್ಕೋಬಹುದು. ಒಂದರಲ್ಲಿ ಕೆತ್ತನೆ, ಇನ್ನೊಂದರಲ್ಲಿ ಕಿಟ್ಟ, ಮತ್ತೊಂದರಲ್ಲಿ ಬಣ್ಣ ಸಿಗುತ್ತೆ. ಗೊತ್ತಿಲ್ಲದೆ ಹೋದ್ರೆ ಮೂರನೇ ದಿನ ಬೆಳಿಗ್ಗೆ ಚಿತ್ರಗಾರರು, 'ಇದು ಇನ್ನೂ ಒಣಗ್ಬೇಕ್ರೀ' ಅಂತಾರೆ, ನಿಮ್ಮ ಇಡೀ ತಂಡ ಸುಮ್ಮನೆ ಕೂರುತ್ತೆ. ಸುಮ್ಮನೆ ಕೂತ ಒಂದು ದಿನಕ್ಕೆ ಎಷ್ಟು ಬೀಳುತ್ತೆ ಅನ್ನೋದು ಸ್ವಲ್ಪ ಹೊತ್ತಲ್ಲಿ ಬರುತ್ತೆ. ರೆಕಿಯ ಮೂರು ಪಟ್ಟಿಗಿಂತ ಜಾಸ್ತಿ.

ಅನುಮತಿಗಳೂ ಇದೇ ಡಬ್ಬಿಗೆ ಸೇರಬೇಕು. ಕಿನ್ನಾಳಕ್ಕೆ ಹೋಗಿದೀವಿ, ಹಂಪಿ ಹತ್ತಿರಾನೇ ಇದೆ, ಎರಡು ಶಾಟ್ ತೆಗೆದುಬಿಡೋಣ ಅನ್ಸುತ್ತೆ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಸ್ಮಾರಕದಲ್ಲಿ ಸಿನಿಮಾ ಚಿತ್ರೀಕರಣಕ್ಕೆ ಮೊದಲೇ ಅನುಮತಿ ತಗೋಬೇಕು, ಶುಲ್ಕವೂ ಇದೆ. ಡ್ರೋನ್ ಹಾರಿಸೋದಾದ್ರೆ 2021ರ ಡ್ರೋನ್ ನಿಯಮಗಳನ್ನ ನೋಡ್ಕೋಬೇಕು. ಆ ಎರಡು ಶಾಟ್ ಕಥೆಗೆ ನಿಜವಾಗ್ಲೂ ಬೇಕಾ ಅನ್ನೋದನ್ನ ಪೂರ್ವತಯಾರಿಯಲ್ಲೇ ತೀರ್ಮಾನ ಮಾಡಿದ್ರೆ ಖರ್ಚು ಸೊನ್ನೆ. ಜಾಗಕ್ಕೆ ಹೋದ ಮೇಲೆ ತೀರ್ಮಾನ ಮಾಡಿದ್ರೆ ಅರ್ಧ ದಿನ ಹೋಯ್ತು.

ಎರಡನೇ ಡಬ್ಬಿ: ಚಿತ್ರೀಕರಣ, 1,75,000 ರೂಪಾಯಿ

ಎಲ್ಲಕ್ಕಿಂತ ದೊಡ್ಡ ಡಬ್ಬಿ ಇದು. ಒಳಗೆ ಐದು ಭಾಗ ಇದೆ. ಜನರ ಸಂಭಾವನೆ 61,500. ಕ್ಯಾಮೆರಾ, ಲೆನ್ಸ್, ಲೈಟ್ ಬಾಡಿಗೆ 35,400. ಗಾಡಿ, ರೂಮು, ಊಟ ಸೇರಿ 59,100. ಹಾರ್ಡ್‌ಡಿಸ್ಕ್ 13,000. ಕೊನೆಗೆ ಚಿತ್ರಗಾರರಿಗೆ 6,000.

ಇದರಲ್ಲಿ ಎರಡು ಕಡೆ ಲೆಕ್ಕ ಜಾರುತ್ತೆ. ಒಂದು, ಪ್ರಯಾಣದ ದಿನ. ಕ್ಯಾಮೆರಾಮನ್‌ಗೆ ದಿನಕ್ಕೆ 5,000 ಅಂದ್ರೆ 5 ದಿನಕ್ಕೆ 25,000 ಅಂತ ಬರೆದುಬಿಡ್ತಾರೆ. ಆದ್ರೆ ಅವರು ಮನೆ ಬಿಟ್ಟಿರೋದು 7 ದಿನ. ಆ ಎರಡು ದಿನ ಬೇರೆ ಕೆಲಸ ಒಪ್ಕೊಳ್ಳೋ ಹಾಗಿಲ್ಲ. ಪ್ರಯಾಣದ ದಿನಕ್ಕೆ ಅರ್ಧ ಸಂಭಾವನೆ ಅಂತ ಇಟ್ರೆ 30,000 ಆಗುತ್ತೆ. ಬಾಡಿಗೆಗೆ ತಂದ ಕ್ಯಾಮೆರಾನೂ ಅಷ್ಟೇ. ನೀವು ಶೂಟ್ ಮಾಡಿ ಮಾಡದೇ ಇರಿ, ಅಂಗಡಿಯಿಂದ ಅದು ಹೊರಗಿರೋದು 7 ದಿನ. ಪ್ರಯಾಣದ ದಿನಕ್ಕೆ ಏನು ಹಾಕ್ತೀರ ಅಂತ ಮೊದಲೇ ಕೇಳಿ ಬರೆಸ್ಕೊಳ್ಳಿ.

ಎರಡು, ಜಿಎಸ್‌ಟಿ. ಬಾಡಿಗೆ ಅಂಗಡಿಯವರು ಫೋನ್‌ನಲ್ಲಿ ಹೇಳೋದು ತೆರಿಗೆ ಇಲ್ಲದ ದರ. ಬಿಲ್ ಬಂದಾಗ ಅದರ ಮೇಲೆ ಶೇ. 18 ಸೇರಿರುತ್ತೆ. ನಮ್ಮ ಉದಾಹರಣೆಯಲ್ಲಿ 30,000 ಬಾಡಿಗೆ 35,400 ಆಗಿದ್ದು ಹಾಗೆ. ನಿಮಗೆ ಜಿಎಸ್‌ಟಿ ನೋಂದಣಿ ಇಲ್ಲ ಅಂದ್ರೆ ಆ 5,400 ವಾಪಸ್ ಬರಲ್ಲ, ಅದು ಪೂರಾ ಖರ್ಚೇ.

ಹಾರ್ಡ್‌ಡಿಸ್ಕ್‌ಗೆ ಅಷ್ಟೊಂದು ಯಾಕೆ? ಒಂದು ಸಣ್ಣ ಲೆಕ್ಕ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ 4ಕೆ ವಿಡಿಯೊ ರೆಕಾರ್ಡ್ ಮಾಡಿದ್ರೆ ಗಂಟೆಗೆ 45 ಜಿಬಿ. ದಿನಕ್ಕೆ 3 ಗಂಟೆಯಂತೆ 5 ದಿನಕ್ಕೆ 15 ಗಂಟೆ, ಅಂದ್ರೆ 675 ಜಿಬಿ. ಎಡಿಟಿಂಗ್ ಫೈಲುಗಳಿಗೂ ಜಾಗ ಬೇಕು, ಹಾಗಾಗಿ 2 ಟಿಬಿ. ಒಂದು ಡಿಸ್ಕ್ ಕೈಕೊಟ್ರೆ ಅಂತ ಎರಡನೇ ಪ್ರತಿ. ಎರಡನ್ನೂ ಒಂದೇ ಬ್ಯಾಗಿನಲ್ಲಿ ಇಡಬೇಡಿ. ಬ್ಯಾಗ್ ಕಳೆದ್ರೆ ಎರಡು ಪ್ರತಿ ಇದ್ದೂ ಇಲ್ಲದ ಹಾಗೆ.

ಇನ್ನು ಚಿತ್ರಗಾರರಿಗೆ 6,000. ಇದು ಸಂದರ್ಶನ ಕೊಟ್ಟಿದ್ದಕ್ಕೆ ಕೊಡೋ ದುಡ್ಡಲ್ಲ. ಕ್ಯಾಮೆರಾ ಮುಂದೆ ಕೆಲಸ ನಿಧಾನ ಆಗುತ್ತೆ, 'ಇನ್ನೊಂದ್ಸಲ ಮಾಡಿ' ಅಂತೀವಿ, ಬೆಳಕು ಬರಲಿ ಅಂತ ಕಾಯಿಸ್ತೀವಿ. ಅವರ ದಿನದ ದುಡಿಮೆ ಅಷ್ಟು ಕಡಿಮೆ ಆಗುತ್ತೆ. ಇಬ್ಬರಿಗೆ 3 ದಿನ, ದಿನಕ್ಕೆ 1,000 ಅಂತ ಇಟ್ಟಿದೀನಿ. ಕೆಲವು ಪತ್ರಿಕಾ ಸಂಸ್ಥೆಗಳು ಚಿತ್ರದಲ್ಲಿ ಮಾತಾಡೋರಿಗೆ ಹಣ ಕೊಡಬಾರದು ಅನ್ನೋ ನಿಯಮ ಇಟ್ಕೊಂಡಿರ್ತವೆ, ದುಡ್ಡು ಹಾಕೋರನ್ನ ಮೊದಲೇ ಕೇಳಿ. ಆದ್ರೆ ಕ್ಯಾಮೆರಾಮನ್ನಿನ ಪ್ರಯಾಣದ ದಿನಕ್ಕೆ ಕಾಲಂ ಇದೆ, ಯಾರ ಕೈಕೆಲಸದ ಮೇಲೆ ಚಿತ್ರ ನಿಂತಿದೆಯೋ ಅವರು ಕಳ್ಕೊಂಡ ದಿನಕ್ಕೆ ಕಾಲಂ ಇಲ್ಲ ಅನ್ನೋ ಬಜೆಟ್ ನನಗೆ ಸರಿ ಕಾಣಲ್ಲ.

ದುಡ್ಡು ಸಾಲದೇ ಬಂದಾಗ ಮೊದಲು ತೆಗೆಯೋದು ಸೌಂಡ್ ರೆಕಾರ್ಡಿಸ್ಟ್‌ನ. 'ಮೈಕನ್ನ ಕ್ಯಾಮೆರಾಗೇ ಸಿಕ್ಕಿಸಿದ್ರಾಯ್ತು' ಅಂತಾರೆ. ನಮ್ಮ ಲೆಕ್ಕದಲ್ಲಿ ಅದರಿಂದ 24,000 ಉಳಿಯುತ್ತೆ. ಆದ್ರೆ ಕೆತ್ತನೆ ಮನೆಯಲ್ಲಿ ಉಳಿ ಸುತ್ತಿಗೆ ಶಬ್ದ, ಪಕ್ಕದ ರಸ್ತೆ, ಮೇಲೆ ಫ್ಯಾನು. ಇವುಗಳ ಕೆಳಗೆ ಹೂತುಹೋದ ಮಾತನ್ನ ಎಡಿಟಿಂಗ್‌ನಲ್ಲಿ ಒಂದು ಮಟ್ಟಕ್ಕೆ ಎತ್ತಬಹುದು, ಪೂರ್ತಿ ವಾಪಸ್ ತರೋಕೆ ಆಗಲ್ಲ. ಚಿತ್ರ ಸ್ವಲ್ಪ ಮಬ್ಬಾಗಿದ್ರೆ ಜನ ನೋಡ್ತಾರೆ. ಮಾತು ಕೇಳದೇ ಇದ್ರೆ ಎದ್ದು ಹೋಗ್ತಾರೆ.

ಒಂದು ದಿನ ಹೆಚ್ಚಾದ್ರೆ

ಈಗ ಈ ಸಂಚಿಕೆಯ ಮುಖ್ಯ ಲೆಕ್ಕ. ಐದನೇ ದಿನ ಸಂಜೆ ಕ್ಯಾಮೆರಾಮನ್, 'ಇನ್ನೊಂದು ದಿನ ಇದ್ದುಬಿಡೋಣ, ಬೆಳಗಿನ ಬೆಳಕು ಚೆನ್ನಾಗಿದೆ' ಅಂತಾನೆ. ಎಲ್ಲರಿಗೂ ಸರಿ ಅನ್ಸುತ್ತೆ. ಆ ಒಂದು ದಿನದ ಬೆಲೆ ಎಷ್ಟು?

ಮೂವರ ಸಂಭಾವನೆ 10,500. ಬಾಡಿಗೆ ತೆರಿಗೆ ಸೇರಿ 5,900. ಗಾಡಿ 4,500. ಎರಡು ರೂಮು 2,400. ಐದು ಜನರ ಊಟ 2,000. ಒಟ್ಟು 25,300. ಆ ಸಂಜೆ ಎಲ್ಲರ ಕಣ್ಣಿಗೆ ಕಾಣೋದು ಇಷ್ಟೇ. ತುಂಬಾ ತಂಡಗಳಲ್ಲಿ ಇಷ್ಟೂ ಕಾಣಲ್ಲ, ರೂಮು ಊಟ ಮಾತ್ರ ಲೆಕ್ಕ ಹಾಕ್ತಾರೆ.

ಆದ್ರೆ ಆ ದಿನ ಅಲ್ಲಿಗೇ ಮುಗಿಯಲ್ಲ, ಅದಕ್ಕೊಂದು ಬಾಲ ಇದೆ. ಇನ್ನೂ 3 ಗಂಟೆ ಫುಟೇಜ್ ಬಂತು. ಅದನ್ನ ಯಾರಾದ್ರೂ ಕೂತು ನೋಡಿ, ಎಲ್ಲಿ ಏನಿದೆ ಅಂತ ಬರೆದು, ಮಾತುಗಳನ್ನ ಅಕ್ಷರಕ್ಕೆ ಇಳಿಸಬೇಕು. ಅದಕ್ಕೆ ಒಂದು ದಿನ, 1,500. ಎಡಿಟರ್ ಆ ಹೊಸ ಫುಟೇಜ್ ನೋಡಿ, ಹಳೇದರ ಜೊತೆ ಹೋಲಿಸಿ, ಇದು ಬೇಕಾ ಅದು ಬೇಕಾ ಅಂತ ತೀರ್ಮಾನ ಮಾಡೋಕೆ 3 ದಿನ ಅಂದ್ಕೊಳ್ಳಿ, 7,500. ಒಟ್ಟು 34,300. ಇದರಲ್ಲಿ 9,000 ಹೋಗಿದ್ದು ಸಂಕಲನದ ಡಬ್ಬಿಯಿಂದ. ಕಿನ್ನಾಳದಲ್ಲಿ ನಿಂತು ತಗೊಂಡ ತೀರ್ಮಾನದ ಬಿಲ್ ಎರಡು ತಿಂಗಳಾದ ಮೇಲೆ ಬೆಂಗಳೂರಲ್ಲಿ ಬರುತ್ತೆ. ಒಂದೇ ಹಾಳೆಯ ಬಜೆಟ್ ಮುಳುಗೋದು ಇದೇ ಕಾರಣಕ್ಕೆ.

ಇನ್ನೊಂದು ದಿನ ಉಳೀಲೇಬಾರದು ಅಂತ ನಾನು ಹೇಳ್ತಿಲ್ಲ. 34,300 ಅಂತ ಗೊತ್ತಿದ್ದೂ ಬೇಕು ಅನ್ಸಿದ್ರೆ ಉಳೀರಿ. ಊಟ ರೂಮಿನ ಲೆಕ್ಕ ಹಾಕ್ಕೊಂಡು ಉಳೀಬೇಡಿ.

ಮೂರನೇ ಡಬ್ಬಿ: ಸಂಕಲನ, 1,00,000 ರೂಪಾಯಿ

ನಮ್ಮ ಹತ್ರ 15 ಗಂಟೆ, ಅಂದ್ರೆ 900 ನಿಮಿಷದ ಫುಟೇಜ್ ಇದೆ. ಬೇಕಾಗಿರೋದು 20 ನಿಮಿಷ. ಅಂದ್ರೆ ಪ್ರತಿ 45 ನಿಮಿಷದಲ್ಲಿ ಒಂದು ನಿಮಿಷ ಮಾತ್ರ ಉಳಿಯುತ್ತೆ. ಕಥಾಚಿತ್ರದಲ್ಲಿ ಸ್ಕ್ರಿಪ್ಟ್ ಮೊದಲೇ ಇರುತ್ತೆ, ಎಡಿಟರ್ ಅದನ್ನ ಹಿಡ್ಕೊಂಡು ಹೋಗ್ತಾರೆ. ಸಾಕ್ಷ್ಯಚಿತ್ರದಲ್ಲಿ ಕಥೆಯ ದೊಡ್ಡ ಭಾಗ ಎಡಿಟಿಂಗ್ ಟೇಬಲ್ ಮೇಲೇ ಹುಟ್ಟೋದು. ಅದಕ್ಕೇ 20 ನಿಮಿಷದ ಚಿತ್ರಕ್ಕೆ 20 ದಿನದ ಎಡಿಟಿಂಗ್ ಅಂದ್ರೆ ಜಾಸ್ತಿ ಏನಲ್ಲ.

ದಿನಕ್ಕೆ 2,500ರಂತೆ ಎಡಿಟರ್‌ಗೆ 50,000. ಫುಟೇಜ್ ಪಟ್ಟಿ ಮತ್ತು ಮಾತಿನ ಬರಹಕ್ಕೆ 7,500. ಸೌಂಡ್ ಮಿಕ್ಸಿಂಗ್ 15,000. ಬಣ್ಣ ಸರಿಪಡಿಸೋಕೆ 10,000. ಸಂಗೀತ 15,000. ಇಂಗ್ಲಿಷ್ ಸಬ್‌ಟೈಟಲ್ 2,500.

ಎಡಿಟರ್ ಜೊತೆ ಮಾತಾಡುವಾಗ ಎಷ್ಟು ಸಲ ತಿದ್ದುಪಡಿ ಅನ್ನೋದನ್ನ ಬರೆದಿಟ್ಕೊಳ್ಳಿ. ಸಾಮಾನ್ಯವಾಗಿ ಮೊದಲ ಜೋಡಣೆ, ಆಮೇಲೆ ಎರಡು ಸುತ್ತು ತಿದ್ದುಪಡಿ, ಆಮೇಲೆ ಚಿತ್ರಕ್ಕೆ ಬೀಗ. ಬೀಗ ಅಂದ್ರೆ ಇನ್ಮೇಲೆ ಒಂದು ಶಾಟೂ ಅಲುಗಾಡಲ್ಲ ಅಂತ. ಸೌಂಡು, ಬಣ್ಣ, ಸಬ್‌ಟೈಟಲ್ ಕೆಲಸ ಶುರುವಾಗಬೇಕಾದ್ದು ಅದಾದ ಮೇಲೆ. ಮಿಕ್ಸಿಂಗ್ ಮುಗಿದ ಮೇಲೆ ನಡುವಿನ 10 ಸೆಕೆಂಡ್ ತೆಗೆದ್ರೆ ಅಲ್ಲಿಂದ ಮುಂದಿನ ಶಬ್ದ, ಸಬ್‌ಟೈಟಲ್ ಎಲ್ಲಾ 10 ಸೆಕೆಂಡ್ ಸರಿಯುತ್ತೆ. ಮೂರು ಜನರ ಕೆಲಸ ಮತ್ತೆ ಮಾಡಬೇಕು, ಮೂರು ಬಿಲ್ ಮತ್ತೆ ಬರುತ್ತೆ.

ಸಂಗೀತದ ಬಗ್ಗೆ ಒಂದು ಮಾತು. ಲೈಸೆನ್ಸ್ ತಗೊಂಡ ಸಂಗೀತ ಬಳಸೋದಾದ್ರೆ ಆ ಲೈಸೆನ್ಸ್ ಎಲ್ಲೆಲ್ಲಿಗೆ ಅಂತ ಓದಿ. ಚಿತ್ರೋತ್ಸವಕ್ಕೆ ಮಾತ್ರ ಅಂತ ಕಡಿಮೆ ದರಕ್ಕೆ ಕೊಡೋದುಂಟು. ಆ ಚಿತ್ರವನ್ನ ಆಮೇಲೆ ಯೂಟ್ಯೂಬ್‌ಗೆ ಹಾಕಬೇಕು ಅಂದ್ರೆ ಮತ್ತೆ ದುಡ್ಡು. ಹಳೇ ಸಿನಿಮಾ ಹಾಡು ಚಿತ್ರೀಕರಣದ ವೇಳೆ ಹಿಂದೆ ರೇಡಿಯೊದಲ್ಲಿ ಕೇಳಿಸ್ತಿದ್ರೂ ತಲೆನೋವೇ, ಯಾಕಂದ್ರೆ ಹಕ್ಕು ಇರೋ ಕಂಪನಿ ಆಕ್ಷೇಪ ಎತ್ತಬಹುದು. ಸಂದರ್ಶನಕ್ಕೆ ಮುಂಚೆ ಹೋಗಿ ಆ ರೇಡಿಯೊ ಆಫ್ ಮಾಡಿಸೋದು ಸೊನ್ನೆ ಖರ್ಚಿನ ಕೆಲಸ.

ನಾಲ್ಕನೇ ಡಬ್ಬಿ: ಹಂಚಿಕೆ, 55,000 ರೂಪಾಯಿ

ಬಹಳಷ್ಟು ಬಜೆಟ್‌ಗಳಲ್ಲಿ ಈ ಡಬ್ಬಿನೇ ಇರಲ್ಲ. ಚಿತ್ರ ಮುಗಿದ್ರೆ ಆಯ್ತಲ್ಲ, ಯೂಟ್ಯೂಬ್ ಫ್ರೀ ಅಲ್ವಾ ಅಂತಾರೆ. ಅಪ್‌ಲೋಡ್ ಮಾಡೋದು ಫ್ರೀ, ನಿಜ. ಆದ್ರೆ ಹಲವು ಚಿತ್ರೋತ್ಸವಗಳು ಈಗಾಗಲೇ ಆನ್‌ಲೈನ್‌ನಲ್ಲಿ ಬಂದಿರೋ ಚಿತ್ರ ತಗೊಳ್ಳಲ್ಲ. ಮೊದಲು ಯೂಟ್ಯೂಬ್‌ಗೆ ಹಾಕಿದ್ರೆ ಆ ಬಾಗಿಲುಗಳು ಮುಚ್ಚುತ್ತವೆ. ಹಾಗಾಗಿ ಮೊದಲು ಉತ್ಸವ, ಆಮೇಲೆ ಆನ್‌ಲೈನ್. ಆ ನಡುವಿನ ಒಂದು ವರ್ಷಕ್ಕೆ ದುಡ್ಡು ಬೇಕು.

ನಮ್ಮ ಲೆಕ್ಕದಲ್ಲಿ 10 ಉತ್ಸವಗಳ ಪ್ರವೇಶ ಶುಲ್ಕಕ್ಕೆ 20,000. ಫಿಲ್ಮ್‌ಫ್ರೀವೇ ಥರದ ವೇದಿಕೆಯಲ್ಲಿ ಅರ್ಜಿ ಹಾಕುವಾಗ ವಿದೇಶಿ ಉತ್ಸವಗಳ ಶುಲ್ಕ ಡಾಲರ್‌ನಲ್ಲಿ ಇರುತ್ತೆ, ಕೊನೆ ತಾರೀಖು ಹತ್ತಿರ ಬಂದಷ್ಟೂ ಏರುತ್ತೆ. ಹಣ ತಗೊಳ್ಳೋಕೇ ಹುಟ್ಟಿರೋ ಉತ್ಸವಗಳೂ ಇವೆ. ಗುರುತಿಸೋದು ಹೇಗೆ? ಚಿತ್ರ ಎಲ್ಲಿ ಯಾವ ಪರದೆ ಮೇಲೆ ತೋರಿಸ್ತಾರೆ ಅಂತ ಹೇಳಲ್ಲ, ತಿಂಗಳು ತಿಂಗಳು ಪ್ರಶಸ್ತಿ ಕೊಡ್ತಾರೆ, ಗೆದ್ದ ಮೇಲೆ ಟ್ರೋಫಿಗೆ ಬೇರೆ ದುಡ್ಡು ಕೇಳ್ತಾರೆ. ಸಾಕ್ಷ್ಯಚಿತ್ರಕ್ಕೇ ಮೀಸಲಾದ ನಮ್ಮ ಹತ್ತಿರದ ಉತ್ಸವಗಳನ್ನ ಮೊದಲು ನೋಡಿ. ತಿರುವನಂತಪುರದಲ್ಲಿ ಕೇರಳ ಚಲಚ್ಚಿತ್ರ ಅಕಾಡೆಮಿ ನಡೆಸೋ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವ ಇದೆ, ಮುಂಬೈ ಅಂತಾರಾಷ್ಟ್ರೀಯ ಚಿತ್ರೋತ್ಸವ ಇದೆ.

ಚಿತ್ರಮಂದಿರದ ಪ್ರೊಜೆಕ್ಟರ್‌ಗೆ ಬೇಕಾದ ಡಿಸಿಪಿ ಅನ್ನೋ ಫೈಲು ಮಾಡಿಸೋಕೆ 8,000. ಪೋಸ್ಟರ್, ಟ್ರೇಲರ್‌ಗೆ 10,000. ಸೆನ್ಸಾರ್ ಪ್ರಮಾಣಪತ್ರ ಮತ್ತು ಅದರ ಓಡಾಟಕ್ಕೆ 5,000. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಪ್ರಕಾರ ಸಾರ್ವಜನಿಕ ಪ್ರದರ್ಶನಕ್ಕೆ ಈ ಪ್ರಮಾಣಪತ್ರ ಬೇಕು. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗೆ ಅರ್ಜಿ ಹಾಕೋಕೂ ಬೇಕು. ಉಳಿದ 12,000 ಕಿನ್ನಾಳದಲ್ಲೇ ಒಂದು ಪ್ರದರ್ಶನಕ್ಕೆ: ಪ್ರೊಜೆಕ್ಟರ್, ಸ್ಪೀಕರ್, ಪ್ರಯಾಣ. ಯಾರ ಬದುಕನ್ನ ತೆಗೆದಿದೀವೋ ಅವರು ಅದನ್ನ ದೊಡ್ಡ ಪರದೆ ಮೇಲೆ ನೋಡಬೇಕು. ಬಜೆಟ್‌ನಲ್ಲಿ ಬರೆದಿಡದೇ ಇದ್ರೆ ಇದು ಯಾವತ್ತೂ ಆಗಲ್ಲ.

ಕೂಡಿ ನೋಡೋಣ

- ಪೂರ್ವತಯಾರಿ: 25,000
- ಚಿತ್ರೀಕರಣ: 1,75,000
- ಸಂಕಲನ: 1,00,000
- ಹಂಚಿಕೆ: 55,000
- ನಾಲ್ಕೂ ಸೇರಿ: 3,55,000
- ಆಪತ್ತಿಗೆ ಶೇ. 10: 35,500
- ಒಟ್ಟು: 3,90,500

ಆಪತ್ತಿನ ಹಣ 35,500. ಒಂದು ಹೆಚ್ಚಿನ ದಿನದ ಬೆಲೆ 34,300. ಅಂದ್ರೆ ಐದನೇ ದಿನ ಸಂಜೆಯ ಆ ಒಂದು 'ಆಯ್ತು' ನಿಮ್ಮ ಆಪತ್ತಿನ ಹಣವನ್ನ ಹೆಚ್ಚುಕಮ್ಮಿ ಪೂರ್ತಿ ತಿಂದುಹಾಕುತ್ತೆ. ಆಮೇಲೆ ಹಾರ್ಡ್‌ಡಿಸ್ಕ್ ಕೈಕೊಟ್ರೂ, ಮಿಕ್ಸಿಂಗ್ ಮತ್ತೆ ಮಾಡಬೇಕಾದ್ರೂ ಹಂಚಿಕೆಯ ಡಬ್ಬಿಗೇ ಕೈ ಹಾಕಬೇಕು.

ಈ ಪಟ್ಟಿಯಲ್ಲಿ ನಿರ್ದೇಶಕಿಯ ಸಂಭಾವನೆ ಇಲ್ಲ, ಗಮನಿಸಿ. ಸ್ವಂತ ಚಿತ್ರ ಅಂತ ಬಿಟ್ಟುಬಿಡ್ತಾರೆ. ತಗೊಳ್ಳದೇ ಇದ್ರೂ ಪಕ್ಕದಲ್ಲಿ 'ಸ್ವಂತ ದುಡಿಮೆ' ಅಂತ ಒಂದು ಕಾಲಂ ಹಾಕಿ, ಅಷ್ಟು ತಿಂಗಳಿಗೆ ಬೇರೆ ಕಡೆ ಎಷ್ಟು ದುಡೀತಿದ್ರೋ ಬರೀರಿ. ಅನುದಾನಕ್ಕೆ ಅರ್ಜಿ ಹಾಕುವಾಗ ಅದು ನೀವು ಹಾಕಿದ ಪಾಲು ಅಂತ ತೋರಿಸೋಕೆ ಬರುತ್ತೆ.

ನಡುವೆ ಗೊತ್ತಾಗೋದು ಹೇಗೆ?

ಬಜೆಟ್ ದಾರಿ ತಪ್ತಿದೆ ಅಂತ ಬ್ಯಾಂಕ್ ಬ್ಯಾಲೆನ್ಸ್ ಹೇಳಲ್ಲ. ಅದು ಹೇಳೋದು ಕೊಟ್ಟಿದ್ದನ್ನ ಮಾತ್ರ, ಕೊಡಬೇಕಾಗಿರೋದನ್ನಲ್ಲ. ಪ್ರತಿ ಡಬ್ಬಿಗೂ ಮೂರು ಕಾಲಂ ಮಾಡಿ: ಅಂದಾಜು, ಕೊಟ್ಟಿದ್ದು, ಇನ್ನೂ ಕೊಡಬೇಕಾದ್ದು.

ಮೂರನೇ ದಿನ ರಾತ್ರಿ ಅಂದ್ಕೊಳ್ಳಿ. ಚಿತ್ರೀಕರಣದ ಅಂದಾಜು 1,75,000. ಕೊಟ್ಟಿದ್ದು 85,000. ಅರ್ಧದಷ್ಟೂ ಆಗಿಲ್ಲ, ಆರಾಮಾಗಿದೀವಿ ಅನ್ಸುತ್ತೆ. ಈಗ ಮೂರನೇ ಕಾಲಂ ತುಂಬಿಸಿ: ಸಂಭಾವನೆಯ ಬಾಕಿ, ಕ್ಯಾಮೆರಾ ಬಿಲ್, ಗಾಡಿಯವರಿಗೆ ಹೆಚ್ಚುವರಿ ಕಿಲೋಮೀಟರ್, ಉಳಿದ ದಿನಗಳ ರೂಮು ಊಟ. 1,05,000 ಬಂತು ಅಂದ್ಕೊಳ್ಳಿ. 85,000 ಜೊತೆ ಕೂಡಿದ್ರೆ 1,90,000. ಅಂದ್ರೆ ಈಗಾಗಲೇ 15,000 ಮೀರಿದೀರಿ. ಅದು ಮೂರನೇ ರಾತ್ರಿ ಗೊತ್ತಾದ್ರೆ ನಾಲ್ಕನೇ ದಿನದ ಸುತ್ತಾಟ ಕಡಿಮೆ ಮಾಡಬಹುದು. ಬೆಂಗಳೂರಿಗೆ ಬಂದ ಮೇಲೆ ಗೊತ್ತಾದ್ರೆ ಎಡಿಟರ್‌ನ 6 ದಿನ ಕಡಿಮೆ ಮಾಡಬೇಕು.

ಕೊನೆಯದಾಗಿ ಒಂದು ಕೆಲಸ ಹೇಳ್ತೀನಿ. ಹಂಚಿಕೆಯ 55,000ನ ಮೊದಲ ದಿನವೇ ಬೇರೆ ಖಾತೆಗೆ ಹಾಕಿಬಿಡಿ. ಚಿತ್ರೀಕರಣಕ್ಕೆ ಹೋಗುವಾಗ ಆ ಖಾತೆಯ ಯುಪಿಐ ಫೋನ್‌ನಲ್ಲಿ ಇರೋದು ಬೇಡ. ಕಿನ್ನಾಳದ ಬೆಳಗಿನ ಬೆಳಕು ಎಷ್ಟೇ ಚೆನ್ನಾಗಿರಲಿ, ಅದನ್ನ ನೋಡೋಕೆ ಜನ ಬೇಕಲ್ಲ. ಆ ಜನರನ್ನ ಕರೆಸೋ ದುಡ್ಡು ಅದು.

ಇವತ್ತಿನ ಲೆಕ್ಕ ಇಷ್ಟೇ. ನಿಮ್ಮ ಚಿತ್ರದ ದರ ಹಾಕ್ಕೊಂಡು ಒಂದು ಸಲ ಕೂಡಿ ನೋಡಿ. ಮತ್ತೆ ಸಿಗೋಣ.